ಮೆಂಟೆನೆನ್ಸ್ ಜಗಳದ ನಡಾವಳಿ ಬರೆದೆ, ಈಗ ಎರಡೂ ಕಡೆಯವರಿಗೂ ನನ್ನ ಮೇಲೇ ಸಿಟ್ಟು

ಹೊಸ ಕಾರ್ಯದರ್ಶಿ

ಎಲ್ಲರಿಗೂ ನಮಸ್ಕಾರ. ನಮ್ಮದು 60 ಮನೆಗಳ ಅಪಾರ್ಟ್‌ಮೆಂಟ್. 24 ಮನೆ 1000 ಚದರಡಿಯವು, 36 ಮನೆ 1500 ಚದರಡಿಯವು. ತಿಂಗಳ ಖರ್ಚು ಸುಮಾರು 2,34,000 ರೂಪಾಯಿ. ಇಲ್ಲಿವರೆಗೆ ಚದರಡಿಗೆ 3 ರೂಪಾಯಿ ಲೆಕ್ಕ. ಅಂದ್ರೆ ಚಿಕ್ಕ ಮನೆಗೆ 3000, ದೊಡ್ಡ ಮನೆಗೆ 4500.

ಕಳೆದ ಭಾನುವಾರ ವಿಶೇಷ ಮಹಾಸಭೆ ಇತ್ತು. ಎಲ್ಲ ಮನೆಗೂ ಒಂದೇ ದರ, 3900 ರೂಪಾಯಿ ಮಾಡಿ ಎಂದು ದೊಡ್ಡ ಮನೆಯವರು ಗೊತ್ತುವಳಿ ತಂದಿದ್ದರು. ಮೂರು ಗಂಟೆ ಜಗಳ ನಡೆಯಿತು. ನಾನು ಕಾರ್ಯದರ್ಶಿಯಾಗಿ ಎರಡು ತಿಂಗಳಾಗಿದೆ ಅಷ್ಟೇ. ನಡಾವಳಿ ಬರೆದು ಗುಂಪಿಗೆ ಹಾಕಿದೆ. ಒಂದು ಗಂಟೆಯಲ್ಲಿ 90 ಮೆಸೇಜ್! ಚಿಕ್ಕ ಮನೆಯವರು "ಇದು ಏಕಪಕ್ಷೀಯ" ಅಂತಾರೆ. ದೊಡ್ಡ ಮನೆಯವರು "ಅವರ ಕೂಗಾಟ ಬರೆದೇ ಇಲ್ಲ" ಅಂತಾರೆ.

ನಾನು ಬರೆದದ್ದು ಇಷ್ಟು:

"ಎಲ್ಲ ಮನೆಗಳಿಗೂ ಸಮಾನ ದರ ಏಕೆ ಅಗತ್ಯ ಎಂಬುದನ್ನು ಎ-502ರವರು ವಿವರಿಸಿದರು. ಇದಕ್ಕೆ ಚಿಕ್ಕ ಮನೆಗಳ ಕೆಲವರು ತೀವ್ರ ವಿರೋಧ ವ್ಯಕ್ತಪಡಿಸಿದರು. ಖರ್ಚು ಎಲ್ಲರಿಗೂ ಒಂದೇ ಎಂದು ಅಧ್ಯಕ್ಷರು ಸ್ಪಷ್ಟಪಡಿಸಿದರು. ಬಿ-103ರವರು ಬೈಲಾದ ನೆಪ ಹೇಳಿ ಮತದಾನವನ್ನು ಪ್ರಶ್ನಿಸಿದರು. ಸುದೀರ್ಘ ಚರ್ಚೆಯ ನಂತರ ಗೊತ್ತುವಳಿಯು ಬಹುಮತದಿಂದ ಅಂಗೀಕಾರವಾಯಿತು."

ಇದರಲ್ಲಿ ತಪ್ಪೇನಿದೆ? ಯಾರನ್ನೂ ಬೈದಿಲ್ಲ, ಯಾರನ್ನೂ ಹೊಗಳಿಲ್ಲ. ನಿಜವಾಗಿಯೂ ತಿಳಿದುಕೊಳ್ಳೋಕೆ ಕೇಳ್ತಿದ್ದೀನಿ.

ಹಳೇ ದಫ್ತರ

ಸಹಕಾರ ಸಂಘವೊಂದರಲ್ಲಿ ಇಪ್ಪತ್ತು ವರ್ಷ ನಡಾವಳಿ ಬರೆದವನು ನಾನು. ನಿಮ್ಮದು ಕೆಟ್ಟ ಬರಹವಲ್ಲ. ಆದರೆ ಕ್ರಿಯಾಪದಗಳನ್ನು ಮಾತ್ರ ಒಮ್ಮೆ ಓದಿ ನೋಡಿ, ಉಳಿದದ್ದನ್ನೆಲ್ಲ ಮುಚ್ಚಿಟ್ಟು.

ಒಬ್ಬರು "ವಿವರಿಸಿದರು". ಅಧ್ಯಕ್ಷರು "ಸ್ಪಷ್ಟಪಡಿಸಿದರು". ಇನ್ನೊಂದು ಕಡೆಯವರು "ವಿರೋಧ ವ್ಯಕ್ತಪಡಿಸಿದರು", ಅದೂ "ತೀವ್ರ". ಮತ್ತೊಬ್ಬರು "ಪ್ರಶ್ನಿಸಿದರು", ಅದೂ "ನೆಪ ಹೇಳಿ".

ಇರುವ ಸಂಗತಿಯನ್ನು ತಾನೇ ವಿವರಿಸೋದು? ಮಬ್ಬಾಗಿದ್ದ ನಿಜವನ್ನು ತಾನೇ ಸ್ಪಷ್ಟಪಡಿಸೋದು? ಅಂದ್ರೆ "ಖರ್ಚು ಎಲ್ಲರಿಗೂ ಒಂದೇ" ಎನ್ನುವುದು ನಿಜ ಎಂದು ನೀವೇ ಮೊಹರು ಹೊಡೆದಂತಾಯಿತು. ಜಗಳ ಇದ್ದದ್ದೇ ಅದರ ಮೇಲೆ ಅಲ್ವಾ? "ನೆಪ"ದ ಬಗ್ಗೆ ಹೇಳೋದೇ ಬೇಡ. ಅದೊಂದೇ ಪದ ಸಾಕು, ಬಿ-103ರವರು ನಿಮ್ಮ ಮೇಲೆ ಪತ್ರ ಬರೆಯೋಕೆ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಎರಡೂ ಕಡೆಯವರಿಗೆ ಒಂದೇ ಕ್ರಿಯಾಪದ: "ಹೇಳಿದರು". ಓದೋಕೆ ಸಪ್ಪೆ. ಸಪ್ಪೆ ಇರಲಿ.

ಹೊಸ ಕಾರ್ಯದರ್ಶಿ

ಅಯ್ಯೋ, ಹೌದು ಸಾರ್. "ನೆಪ" ಅಂತ ಬರೆದದ್ದು ನನಗೇ ಗೊತ್ತಾಗಿರಲಿಲ್ಲ. ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ, ನನ್ನದೂ ದೊಡ್ಡ ಮನೆ. ಸಮಾನ ದರ ಬಂದರೆ ನನಗೆ ತಿಂಗಳಿಗೆ 600 ರೂಪಾಯಿ ಉಳಿಯುತ್ತದೆ.

ಕೆಳಮನೆ ಗೌರಿ

ನಾನು ನೆಲಮಹಡಿಯಲ್ಲಿದ್ದೇನೆ. ಲಿಫ್ಟ್ ಹತ್ತಿದ್ದು ವರ್ಷಕ್ಕೆ ಎರಡು ಸಲ, ಗೌರಿ ಹಬ್ಬಕ್ಕೆ ಮೇಲಿನವರ ಮನೆಗೆ ಬಾಗಿನ ಕೊಡೋಕೆ. ನಾನು ಯಾಕೆ ಲಿಫ್ಟ್ ಖರ್ಚು ಕೊಡಬೇಕು? ಸಮಾನ ದರವೂ ಅನ್ಯಾಯ, ಚದರಡಿ ದರವೂ ಅನ್ಯಾಯ. ಬಳಸಿದಷ್ಟಕ್ಕೆ ಕೊಡೋದು ನ್ಯಾಯ. ನಿಮ್ಮ ನಡಾವಳಿಯಲ್ಲಿ ಇದನ್ನೂ ಸೇರಿಸಿ.

ಹೊಸ ಕಾರ್ಯದರ್ಶಿ

ಮೇಡಂ, ಯಾವ ದರ ನ್ಯಾಯ ಅಂತ ನಾನು ಕೇಳ್ತಿಲ್ಲ. ನಡೆದ ಜಗಳವನ್ನು ಹೇಗೆ ಬರೆಯಬೇಕು ಎಂದು ಕೇಳ್ತಿದ್ದೀನಿ. ನೀವು ನಮ್ಮ ಅಪಾರ್ಟ್‌ಮೆಂಟಿನವರೂ ಅಲ್ಲ ಅನ್ಸುತ್ತೆ 🙂

ಹಳೇ ದಫ್ತರ

ಆದರೆ ಗೌರಿಯಮ್ಮನವರ ಮಾತಿನಲ್ಲಿ ನಿಮಗೊಂದು ಪಾಠ ಇದೆ ನೋಡಿ. ನಿಮ್ಮ ಸಭೆಯಲ್ಲಿ ಯಾರಾದರೂ ಲಿಫ್ಟ್ ಮಾತು ಎತ್ತಿದ್ದರಾ?

ಹೊಸ ಕಾರ್ಯದರ್ಶಿ

ಎತ್ತಿದ್ದರು. ಬಿ ಬ್ಲಾಕಿನ ನೆಲಮಹಡಿಯ ಒಬ್ಬರು.

ಹಳೇ ದಫ್ತರ

ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972ರದ್ದು. ಸಾಮಾನ್ಯ ಸೌಲಭ್ಯ ಬಳಸೋದಿಲ್ಲ ಎಂದು ಹೇಳಿ ಖರ್ಚಿನ ಪಾಲಿನಿಂದ ತಪ್ಪಿಸಿಕೊಳ್ಳೋಕೆ ಅದರಲ್ಲಿ ಅವಕಾಶವಿಲ್ಲ. ಖರ್ಚನ್ನು ಸಾಮಾನ್ಯ ಜಾಗ, ಸೌಲಭ್ಯಗಳಲ್ಲಿ ಪ್ರತಿ ಮನೆಗಿರುವ ಅವಿಭಜಿತ ಪಾಲಿನ ಪ್ರಮಾಣದಲ್ಲಿ ಹಂಚಬೇಕು ಎಂದೂ ಅದರಲ್ಲಿದೆ. ಇದು ನನಗೆ ಗೊತ್ತು, ನಿಮಗೂ ಈಗ ಗೊತ್ತಾಯಿತು. ಹಾಗಂತ ನಡಾವಳಿಯಲ್ಲಿ "ನೆಲಮಹಡಿಯವರು ಲಿಫ್ಟ್ ಖರ್ಚು ಕೊಡೋದಿಲ್ಲ ಎಂದರು, ಆದರೆ ಕಾಯ್ದೆ ಪ್ರಕಾರ ಅದು ತಪ್ಪು" ಎಂದು ಬರೆಯಬಹುದಾ? ಬರೆಯಬಾರದು. ಆ "ಆದರೆ" ಸಭೆಯಲ್ಲಿ ಯಾರೂ ಹೇಳಲಿಲ್ಲ. ನೀವು ಮನೆಗೆ ಬಂದು, ಕಾಫಿ ಕುಡಿಯುತ್ತಾ ಸೇರಿಸಿದ್ದು. ಸಭೆಯಲ್ಲಿ ಯಾರಾದರೂ ಕಾಯ್ದೆ ಎತ್ತಿದ್ದರೆ ಅವರ ಮಾತಾಗಿ ಬರೆಯಿರಿ. ಇಲ್ಲದಿದ್ದರೆ ಬಿಡಿ.

ಮಾತು ತಪ್ಪೇ ಇರಲಿ, ಆಡಿದ್ದು ಆಡಿದ್ದೇ.

ಮೂರೇ ಸಾಲು

ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ತೀರಿ? ನಡಾವಳಿ ಅಂದ್ರೆ ನಿರ್ಣಯಗಳ ದಾಖಲೆ. ಯಾರು ಏನಂದರು ಎನ್ನುವುದು ಬೇಕಾಗೇ ಇಲ್ಲ. ನಮ್ಮ ಆಫೀಸಿನಲ್ಲಿ ಮೂರೇ ಸಾಲು. ವಿಷಯ, ನಿರ್ಣಯ, ಯಾರು ಯಾವಾಗ ಮಾಡಬೇಕು. "ಸಮಾನ ದರ 3900, ಬಹುಮತದಿಂದ ಅಂಗೀಕಾರ" ಎಂದು ಬರೆದು ಮುಗಿಸಿ. ಚರ್ಚೆ ಬರೆದರೆ ಜಗಳ ಮುಂದುವರಿಯುತ್ತದೆ ಅಷ್ಟೇ.

ಬಾಕಿ ಬಿಲ್ಲು

ಮೂರೇ ಸಾಲಿನವರೇ, ನನ್ನ ಕಥೆ ಕೇಳಿ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎರಡು ವರ್ಷದ ಹಿಂದೆ ಮುಂದಿನ ದೊಡ್ಡ ರಿಪೇರಿಗೆ ಎತ್ತಿಡುವ ಸಿಂಕಿಂಗ್ ಫಂಡ್ ಎಂದು ಮನೆಗೆ 25,000 ಹಾಕಿದರು. ಸಭೆಯಲ್ಲಿ ನಾನು ಎದ್ದು ನಿಂತು ವಿರೋಧ ಮಾಡಿದೆ. ಎಸ್ಟಿಮೇಟ್ ತೋರಿಸದೆ ಹಣ ಕೊಡೋದಿಲ್ಲ ಎಂದೆ. ಇನ್ನೂ ನಾಲ್ಕು ಜನ ದನಿಗೂಡಿಸಿದರು. ನಡಾವಳಿಯಲ್ಲಿ ಬಂದದ್ದು ಒಂದೇ ಸಾಲು: "ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು."

ನಾನು ಅದನ್ನು ಓದಲೇ ಇಲ್ಲ. ಯಾರು ಓದ್ತಾರೆ? ಮುಂದಿನ ಸಭೆಯಲ್ಲಿ "ಹಿಂದಿನ ನಡಾವಳಿ ಓದಿ ದೃಢೀಕರಿಸಲಾಯಿತು" ಎಂದಾಯಿತು, ಆಗಲೂ ನಾನು ಕೂತಿದ್ದೆ, ಚಹಾ ಕುಡಿಯುತ್ತಿದ್ದೆ. ಒಂದೂವರೆ ವರ್ಷ ಕಳೆದ ಮೇಲೆ ಬಡ್ಡಿ ಸೇರಿಸಿ ನೋಟಿಸ್ ಬಂತು. "ನಾನು ಆವತ್ತೇ ಆಕ್ಷೇಪಿಸಿದ್ದೆ" ಎಂದೆ. "ಎಲ್ಲಿದೆ ತೋರಿಸಿ" ಎಂದರು. ಇರಲಿಲ್ಲ. ಸರ್ವಾನುಮತದಲ್ಲಿ ನಾನೂ ಸೇರಿಹೋಗಿದ್ದೆ.

ಹಳೇ ದಫ್ತರ

"ಸುದೀರ್ಘ ಚರ್ಚೆಯ ನಂತರ ಸರ್ವಾನುಮತದಿಂದ." ನಮ್ಮ ಕಡೆಯ ನಡಾವಳಿ ಪುಸ್ತಕಗಳಲ್ಲಿ ಇದಕ್ಕಿಂತ ಜಾಸ್ತಿ ಸಲ ಬರೆದ ಸಾಲು ಇಲ್ಲ. ಕೈ ತಾನಾಗಿ ಬರೆದುಬಿಡುತ್ತದೆ. ನಾನೂ ಬರೆದಿದ್ದೇನೆ.

ಮೂರೇ ಸಾಲಿನವರು ಹೇಳಿದ್ದು ಅರ್ಧ ಸರಿ. ಪ್ರತಿ ಮಾತೂ ಬೇಡ. ಕಸದ ಗಾಡಿ ಎಷ್ಟು ಹೊತ್ತಿಗೆ ಬರಬೇಕು ಎಂಬ ಚರ್ಚೆಗೆ ಒಂದು ಸಾಲು ಧಾರಾಳ. ಆದರೆ ಹಣದ ವಿಷಯದಲ್ಲಿ, ಸದಸ್ಯರು ಎರಡು ಭಾಗವಾದಾಗ, ಯಾರಾದರೂ "ನನ್ನ ವಿರೋಧ ದಾಖಲಿಸಿ" ಎಂದಾಗ, ಅದನ್ನು ಬಿಟ್ಟರೆ ನಡಾವಳಿ ಅರ್ಧವೇ. ಆಫೀಸಿನ ಮೀಟಿಂಗಿನಲ್ಲಿ ಬಾಸ್ ಹೇಳಿದ ಮೇಲೆ ಮುಗಿಯಿತು. ಇಲ್ಲಿ ಬಾಸ್ ಯಾರೂ ಇಲ್ಲ.

ಕಾರ್ಯದರ್ಶಿಗಳೇ, ಈಗ ನಿಮ್ಮನ್ನು ನಾಲ್ಕು ಪ್ರಶ್ನೆ ಕೇಳ್ತೀನಿ. ಸೂಚಕರು ಯಾರು, ಅನುಮೋದಕರು ಯಾರು? ಮತ ಎಣಿಸಿದಿರಾ, ಎಷ್ಟೆಷ್ಟು? ಬಿ-103ರವರು ಬೈಲಾ ಬಗ್ಗೆ ನಿಖರವಾಗಿ ಏನಂದರು? ಅದಕ್ಕೆ ಅಧ್ಯಕ್ಷರು ಏನಂದರು?

ಹೊಸ ಕಾರ್ಯದರ್ಶಿ

ನನ್ನ ಚೀಟಿ ತೆಗೆದು ನೋಡಿದೆ. ಸೂಚಕರು ಎ-502, ಅನುಮೋದಕರು ಎ-301. ಹಾಜರಿ ಪುಸ್ತಕದಲ್ಲಿ 47 ಮನೆಗಳ ಸಹಿ ಇದೆ, ಅದರಲ್ಲಿ 5, ಬಾರದವರು ತಮ್ಮ ಪರ ಮತ ಹಾಕೋಕೆ ಬೇರೆಯವರಿಗೆ ಕೊಟ್ಟ ಪ್ರಾಕ್ಸಿ ಪತ್ರಗಳು. ಮತ ಹಾಕೋ ಹೊತ್ತಿಗೆ ಮೂರು ಜನ ಎದ್ದು ಹೋಗಿದ್ದರು. ಪರ 24, ವಿರುದ್ಧ 18, ತಟಸ್ಥ 2.

ಬಿ-103ರವರು ಹೇಳಿದ್ದು: ದರದ ಆಧಾರ ಬೈಲಾದಲ್ಲೇ ಬರೆದಿದೆ, ಚದರಡಿ ಎಂದು. ಅದನ್ನು ಬದಲಿಸೋದು ಅಂದ್ರೆ ಬೈಲಾ ತಿದ್ದುಪಡಿ. ನಮ್ಮ ಬೈಲಾ ತಿದ್ದೋಕೆ ಒಟ್ಟು ಸದಸ್ಯರಲ್ಲಿ ಮೂರನೇ ಎರಡು ಭಾಗ ಬೇಕು, ಅಂದ್ರೆ 40 ಮತ. ಬರೀ ಬಹುಮತ ಸಾಲದು.

ಅಧ್ಯಕ್ಷರು ಹೇಳಿದ್ದು: ಇದು ಬರೀ ದರ ಪರಿಷ್ಕರಣೆ, ಬೈಲಾ ತಿದ್ದುಪಡಿ ಅಲ್ಲ, ಹಾಜರಿದ್ದವರ ಬಹುಮತ ಸಾಕು. ಹಾಗೆ ಹೇಳಿ "ಪಾಸ್" ಎಂದು ಘೋಷಿಸಿದರು.

ಇನ್ನೊಂದು ಇದೆ. 5 ಪ್ರಾಕ್ಸಿಗಳಲ್ಲಿ 2 ಪತ್ರಗಳಿಗೆ ದಿನಾಂಕ ಇರಲಿಲ್ಲ ಎಂದು ಬಿ-110ರವರು ತಕರಾರು ಎತ್ತಿದರು. ಎರಡೂ ಪರ ಬಿದ್ದ ಮತಗಳು.

ಹಳೇ ದಫ್ತರ

ನೋಡಿ, ನಿಮ್ಮ ಸಭೆಯ ಜೀವಾಳವೇ ಇದು. ನಿಮ್ಮ ನಡಾವಳಿಯಲ್ಲಿ ಇದೊಂದೂ ಇಲ್ಲ! "ತೀವ್ರ ವಿರೋಧ" ಇದೆ, 24–18–2 ಇಲ್ಲ.

ಈಗ ಮುಖ್ಯ ಮಾತು. "ಗೊತ್ತುವಳಿಯು ಬಹುಮತದಿಂದ ಅಂಗೀಕಾರವಾಯಿತು" ಎಂದು ನೀವು ಬರೆದಿದ್ದೀರಿ. ಅದು ಅಂಗೀಕಾರ ಆಯಿತೋ ಇಲ್ಲವೋ ಎನ್ನುವುದೇ ಜಗಳ. ಬಿ-103ರವರ ಮಾತು ಸರಿಯಾದರೆ ಆಗಿಲ್ಲ, ಅಧ್ಯಕ್ಷರದು ಸರಿಯಾದರೆ ಆಗಿದೆ. ತೀರ್ಪು ಕೊಡೋಕೆ ನೀವು ಯಾರು? "ಗೊತ್ತುವಳಿ ಅಂಗೀಕಾರವಾಗಿದೆ ಎಂದು ಅಧ್ಯಕ್ಷರು ಘೋಷಿಸಿದರು" ಎಂದು ಬರೆಯಿರಿ. ಘೋಷಿಸಿದ್ದು ನೂರಕ್ಕೆ ನೂರು ನಿಜ. ಅದನ್ನು ಬಿ-103ರವರೂ ಅಲ್ಲಗಳೆಯಲಾರರು. ಎರಡೂ ಕಡೆಯವರು ಸಹಿ ಹಾಕಬಹುದಾದ ವಾಕ್ಯ ಹುಡುಕೋದೇ ಈ ಕೆಲಸ.

ಪ್ರಾಕ್ಸಿ ವಿಷಯವೂ ಹಾಗೇ. ಆ ಎರಡು ಮತ ತೆಗೆದರೂ 22–18, ಫಲಿತಾಂಶ ಬದಲಾಗೋದಿಲ್ಲ, ಹಾಗಾಗಿ ಬರೆಯೋದು ಬೇಡ ಎಂದು ನಿಮಗೆ ಅನಿಸಬಹುದು. ಬರೆಯಿರಿ. ಬದಲಾಗುತ್ತದೋ ಇಲ್ಲವೋ ಎಂದು ಓದುವವರು ಲೆಕ್ಕ ಹಾಕಿಕೊಳ್ಳಲಿ.

ಮೂರೇ ಸಾಲು

ಒಪ್ಪಿದೆ, ಹಣದ ವಿಷಯದಲ್ಲಿ ಸಂಖ್ಯೆ ಇರಬೇಕು. ಆದರೂ ಸುಲಭ ದಾರಿ ಇದೆ. ಪೂರ್ತಿ ಸಭೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಬಿಡಿ. ನಡಾವಳಿಯಲ್ಲಿ ನಿರ್ಣಯ, ಅನುಮಾನ ಬಂದವರಿಗೆ ಆಡಿಯೋ.

ಬಾಕಿ ಬಿಲ್ಲು

ಮೂರು ಗಂಟೆ ಆಡಿಯೋ ಯಾರು ಕೇಳ್ತಾರೆ? ನಮ್ಮಲ್ಲಿ ಒಮ್ಮೆ ಮಾಡಿದ್ದರು. ಫ್ಯಾನಿನ ಸದ್ದು, ಮಕ್ಕಳ ಅಳು, ನಾಲ್ಕು ಜನ ಒಟ್ಟಿಗೆ ಮಾತು. ಆಮೇಲೆ ಯಾರೋ 40 ಸೆಕೆಂಡ್ ಕತ್ತರಿಸಿ ಗುಂಪಿಗೆ ಹಾಕಿದರು, ಒಬ್ಬರು ಇನ್ನೊಬ್ಬರಿಗೆ "ನಿಮ್ಮಪ್ಪನ ಮನೆ ದುಡ್ಡಾ" ಎಂದದ್ದು. ಅದೇ ಒಂದು ತಿಂಗಳ ಜಗಳ ಆಯಿತು.

ಹಳೇ ದಫ್ತರ

ಬರೆಯುವವರಿಗೆ ನೆನಪಿಗಾಗಿ ರೆಕಾರ್ಡ್ ಇರಲಿ, ತಪ್ಪಿಲ್ಲ. ಆದರೆ ಸಭೆಯ ಶುರುವಿನಲ್ಲೇ ಎಲ್ಲರಿಗೂ ಹೇಳಿ ಒಪ್ಪಿಗೆ ತಗೊಳ್ಳಿ. ನಡಾವಳಿ ದೃಢೀಕರಣವಾದ ಮೇಲೆ ಅದನ್ನು ಏನು ಮಾಡಬೇಕು ಎಂದೂ ಆಗಲೇ ತೀರ್ಮಾನಿಸಿ. ಇಲ್ಲದಿದ್ದರೆ ದಾಖಲೆ ಎರಡಾಗುತ್ತದೆ, ಯಾವುದು ನಿಜ ಎಂಬ ಮೂರನೇ ಜಗಳ ಬರುತ್ತದೆ.

ಹೊಸ ಕಾರ್ಯದರ್ಶಿ

ಎಲ್ಲ ಸೇರಿಸಿ ಮತ್ತೆ ಬರೆದಿದ್ದೇನೆ. ನೋಡಿ:

"ವಿಷಯ 3: ಮಾಸಿಕ ನಿರ್ವಹಣಾ ಶುಲ್ಕ.

ಈಗ ಚದರಡಿಗೆ 3 ರೂ. ದರವಿದೆ. ಎಲ್ಲ ಮನೆಗಳಿಗೂ ತಿಂಗಳಿಗೆ 3,900 ರೂ. ಸಮಾನ ದರ ವಿಧಿಸಬೇಕು ಎಂಬ ಗೊತ್ತುವಳಿಯನ್ನು ಎ-502ರ ಮಾಲೀಕರು ಸೂಚಿಸಿದರು. ಎ-301ರ ಮಾಲೀಕರು ಅನುಮೋದಿಸಿದರು.

ಪರವಾಗಿ ಮಾತನಾಡಿದವರು, ಕಾವಲು, ಲಿಫ್ಟ್ ಮತ್ತು ಕಸ ವಿಲೇವಾರಿಯ ಖರ್ಚು ಮನೆಯ ಅಳತೆಯನ್ನು ಅವಲಂಬಿಸಿಲ್ಲ ಎಂದು ಹೇಳಿದರು. ವಿರುದ್ಧವಾಗಿ ಮಾತನಾಡಿದವರು, ಮನೆ ಕೊಳ್ಳುವಾಗ ಚದರಡಿ ದರವನ್ನೇ ಒಪ್ಪಲಾಗಿತ್ತು, ಹೊಸ ದರದಿಂದ 1000 ಚದರಡಿ ಮನೆಗೆ 900 ರೂ. ಹೆಚ್ಚಾಗಿ 1500 ಚದರಡಿ ಮನೆಗೆ 600 ರೂ. ಕಡಿಮೆಯಾಗುತ್ತದೆ ಎಂದು ಹೇಳಿದರು. ಲಿಫ್ಟ್ ಬಳಸದ ನೆಲಮಹಡಿಗೆ ಆ ಖರ್ಚು ಹಾಕಬಾರದು ಎಂದು ಒಬ್ಬ ಸದಸ್ಯರು ಹೇಳಿದರು.

ಮತದಾನಕ್ಕೆ ಮುಂಚೆ ಬಿ-103ರ ಮಾಲೀಕರು, ಇದು ಬೈಲಾ ತಿದ್ದುಪಡಿಯಾಗಿದ್ದು ಒಟ್ಟು ಸದಸ್ಯರ ಮೂರನೇ ಎರಡು ಭಾಗ, ಅಂದರೆ 40 ಮತ ಬೇಕು ಎಂದು ಆಕ್ಷೇಪಿಸಿದರು. ಇದು ದರ ಪರಿಷ್ಕರಣೆ ಮಾತ್ರ, ಹಾಜರಿದ್ದವರ ಬಹುಮತ ಸಾಕು ಎಂದು ಅಧ್ಯಕ್ಷರು ಹೇಳಿದರು. ಎರಡು ಪ್ರಾಕ್ಸಿ ಪತ್ರಗಳಲ್ಲಿ ದಿನಾಂಕವಿಲ್ಲ ಎಂದು ಬಿ-110ರ ಮಾಲೀಕರು ಆಕ್ಷೇಪಿಸಿದರು. ಆ ಎರಡು ಮತಗಳನ್ನು ಎಣಿಕೆಯಲ್ಲಿ ಸೇರಿಸಲಾಗಿದೆ.

ಕೈ ಎತ್ತಿ ಮತ ಪಡೆಯಲಾಯಿತು. ಆಗ ಪ್ರಾಕ್ಸಿ ಸೇರಿ 44 ಮತಗಳಿದ್ದವು. ಪರ 24, ವಿರುದ್ಧ 18, ತಟಸ್ಥ 2. ಗೊತ್ತುವಳಿ ಅಂಗೀಕಾರವಾಗಿದೆ ಎಂದು ಅಧ್ಯಕ್ಷರು ಘೋಷಿಸಿದರು. ತಮ್ಮ ವಿರೋಧವನ್ನು ದಾಖಲಿಸಬೇಕೆಂದು ಬಿ-103 ಮತ್ತು ಬಿ-110ರ ಮಾಲೀಕರು ಕೋರಿದರು."

ಹಳೇ ದಫ್ತರ

ಭೇಷ್. ಇದನ್ನು ಐದು ವರ್ಷ ಬಿಟ್ಟು ಓದಿದರೂ ಅವತ್ತು ಏನಾಯಿತು ಎಂದು ಗೊತ್ತಾಗುತ್ತದೆ.

ಎರಡು ಸಣ್ಣ ಮಾತು. ದಿನಾಂಕವಿಲ್ಲದ ಪತ್ರಗಳು ನಿಮ್ಮ ಕಡತದಲ್ಲಿವೆ ತಾನೇ? ಇದ್ದರೆ "ದಿನಾಂಕವಿಲ್ಲ ಎಂದು ಆಕ್ಷೇಪಿಸಿದರು" ಜೊತೆಗೆ "ಪತ್ರಗಳನ್ನು ಕಡತದಲ್ಲಿ ಇಡಲಾಗಿದೆ" ಎಂದು ಸೇರಿಸಿ. ನೋಡಬೇಕಾದವರು ನೋಡಲಿ. ಎರಡನೆಯದು, "ಒಬ್ಬ ಸದಸ್ಯರು" ಎಂದು ಯಾಕೆ? ಉಳಿದವರಿಗೆಲ್ಲ ಮನೆ ನಂಬರ್ ಹಾಕಿ ನೆಲಮಹಡಿಯವರಿಗೆ ಮಾತ್ರ ಹಾಕಿಲ್ಲ. ಅವರ ಮಾತಿಗೆ ತೂಕ ಕಡಿಮೆ ಎಂದು ಓದಿದವರಿಗೆ ಅನಿಸುತ್ತದೆ.

ಕೆಳಮನೆ ಗೌರಿ

ನೋಡಿದ್ರಾ! ನೆಲಮಹಡಿ ಅಂದ್ರೆ ಎಲ್ಲರಿಗೂ ಸದರ.

ತೂಕದ ಕಲ್ಲು

ನನಗೊಂದು ಅನುಮಾನ. ಪರದವರಿಗೆ ಒಂದು ವಾಕ್ಯ, ವಿರುದ್ಧದವರಿಗೆ ಎರಡು ಮೂರು. ದೊಡ್ಡ ಮನೆಯವರು ಈಗ "ಅವರಿಗೆ ಜಾಸ್ತಿ ಜಾಗ ಕೊಟ್ಟಿದ್ದೀರಿ" ಅನ್ನೋದಿಲ್ವಾ? ಎರಡೂ ಕಡೆಗೆ ಸಾಲು ಎಣಿಸಿ ಸಮ ಮಾಡಬೇಕಲ್ವಾ?

ಹಳೇ ದಫ್ತರ

ಸಾಲು ಎಣಿಸಬೇಡಿ, ವಾದಗಳನ್ನು ಎಣಿಸಿ. ಒಬ್ಬರು ಇಪ್ಪತ್ತು ನಿಮಿಷ ಮಾತಾಡಿ ಒಂದೇ ಮಾತನ್ನು ಆರು ಸಲ ಹೇಳಬಹುದು. ಇನ್ನೊಬ್ಬರು ಎರಡು ನಿಮಿಷದಲ್ಲಿ ಮೂರು ಬೇರೆ ಬೇರೆ ಮಾತು ಹೇಳಬಹುದು. ಒಂದಕ್ಕೆ ಒಂದು ಸಾಲು, ಮೂರಕ್ಕೆ ಮೂರು ಸಾಲು. ಆದರೆ ಪರದವರು ಹೇಳಿದ ಇನ್ನೊಂದು ವಾದ ನಿಮ್ಮ ಚೀಟಿಯಲ್ಲಿದ್ದು ಇಲ್ಲಿ ಬಿಟ್ಟುಹೋಗಿದ್ದರೆ ಅದು ತಪ್ಪು. ಚೀಟಿ ಇನ್ನೊಮ್ಮೆ ನೋಡಿ.

ಹೊಸ ಕಾರ್ಯದರ್ಶಿ

ನೋಡಿದೆ. ಪರದವರದ್ದು ಬಿಟ್ಟುಹೋಗಿಲ್ಲ. ಆದರೆ ಬೇರೊಂದು ಸಿಕ್ಕಿತು, ನಾಚಿಕೆ ಆಯಿತು. ಬಿ-207ರ ಹಿರಿಯರೊಬ್ಬರು ಮಧ್ಯದ ದಾರಿ ಹೇಳಿದ್ದರು. ಅರ್ಧ ಖರ್ಚು ಸಮಾನವಾಗಿ, ಅರ್ಧ ಚದರಡಿ ಮೇಲೆ. ಕ್ಯಾಲೆಂಡರ್ ಹಾಳೆಯ ಹಿಂದೆ ಲೆಕ್ಕ ಬರೆದು ತಂದಿದ್ದರು, ಚಿಕ್ಕ ಮನೆಗೆ 3450, ದೊಡ್ಡ ಮನೆಗೆ 4200. ಒಟ್ಟು ಸರಿಯಾಗಿ 2,34,000 ಬರುತ್ತದೆ, ಈಗ ಕೂಡಿಸಿ ನೋಡಿದೆ. ಅವರ ದನಿ ಸಣ್ಣದು. ಎರಡೂ ಕಡೆಯವರು ಕೂಗುತ್ತಿದ್ದರು. ಯಾರೂ ಅನುಮೋದಿಸಲಿಲ್ಲ. ನನ್ನ ಎರಡೂ ಕರಡಿನಲ್ಲಿ ಅವರು ಇಲ್ಲವೇ ಇಲ್ಲ.

ಹಳೇ ದಫ್ತರ

ಸೇರಿಸಿ. "ಬಿ-207ರ ಮಾಲೀಕರು ಹೀಗೆ ಸಲಹೆ ಮಾಡಿದರು, ಅನುಮೋದಕರು ಇಲ್ಲದ ಕಾರಣ ಮತಕ್ಕೆ ಹಾಕಲಿಲ್ಲ." ಲೆಕ್ಕವನ್ನೂ ಬರೆಯಿರಿ. ಇಂಥ ಜಗಳ ಮುಂದಿನ ಸಭೆಗೂ ಬರುತ್ತದೆ. ಆಗ ಆ ಕ್ಯಾಲೆಂಡರ್ ಹಾಳೆ ಬೇಕಾಗಬಹುದು.

ಇಬ್ಬರ ಜಗಳದಲ್ಲಿ ಯಾವಾಗಲೂ ಬಿಟ್ಟುಹೋಗೋದು ಮೂರನೆಯವನ ಮಾತೇ. ಎರಡು ಕಡೆ ಸಮ ಮಾಡಿದೆ ಎಂದು ಬರೆದವನಿಗೆ ಸಮಾಧಾನ ಆಗಿರುತ್ತದೆ ನೋಡಿ.

ತೂಕದ ಕಲ್ಲು

ಮನೆ ನಂಬರ್ ಹಾಕೋದರ ಬಗ್ಗೆ ನನಗೆ ಒಪ್ಪಿಗೆ ಇಲ್ಲ. ಸೂಚಕರು, ಅನುಮೋದಕರು, ವಿರೋಧ ದಾಖಲಿಸಿ ಎಂದವರು ಸರಿ. ಉಳಿದವರು ಯಾಕೆ? ನಮ್ಮಲ್ಲಿ ನಂಬರ್ ಹಾಕೋಕೆ ಶುರು ಮಾಡಿದ ಮೇಲೆ ಬಾಯಿ ಬಿಡುವವರೇ ಕಡಿಮೆಯಾದರು. ಬಾಡಿಗೆಗೆ ಕೊಟ್ಟವರು, ಒಂಟಿ ಹೆಂಗಸರು, ವಯಸ್ಸಾದವರು ಸುಮ್ನೆ ಕೂತುಬಿಡ್ತಾರೆ. "ಕೆಲವು ಸದಸ್ಯರು" ಸಾಕು.

ಹಳೇ ದಫ್ತರ

ನಿಮ್ಮ ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ "ಕೆಲವು" ಎಂದರೆ ಇಬ್ಬರೋ ಇಪ್ಪತ್ತೋ? "ಕೆಲವರು", "ಬಹುತೇಕರು", "ಹಲವರು" ಇವೆಲ್ಲ ಬರೆಯುವವನ ಕಣ್ಣಳತೆ. ಹಾಕಿದರೆ ಎಲ್ಲರ ನಂಬರ್ ಹಾಕಿ, ಇಲ್ಲದಿದ್ದರೆ ಯಾರದ್ದೂ ಬೇಡ. ನಾನು ಹಾಕುವ ಪಕ್ಷ.

ತೂಕದ ಕಲ್ಲು

ನಾನು ಹಾಕದ ಪಕ್ಷ. ಇರಲಿ ಬಿಡಿ.

ಹೊಸ ಕಾರ್ಯದರ್ಶಿ

ಎರಡು ದಿನದ ಮೇಲೆ ಬರೀತಿದ್ದೀನಿ. ಪರಿಷ್ಕೃತ ಕರಡನ್ನು ಎಲ್ಲರಿಗೂ ಮೇಲ್ ಮಾಡಿದೆ. ಏಳು ದಿನದೊಳಗೆ ತಿದ್ದುಪಡಿ ಹೇಳಿ ಎಂದು ಕೇಳಿದೆ. ಈವರೆಗೆ ಮೂರು ಬಂದಿವೆ.

ಒಂದು, ಎ-301ರವರು ತಾವು ಅನುಮೋದಿಸಿಲ್ಲ, ಎ-310ರವರು ಎಂದಿದ್ದಾರೆ. ಕೇಳಿ ನೋಡಿದೆ, ಹೌದು. ನನ್ನ ಕೈಬರಹದ ತಪ್ಪು. ತಿದ್ದಿದೆ.

ಎರಡು, ಬಿ-103ರವರು ಎರಡು ಪುಟದ ಪತ್ರ ಕಳಿಸಿದ್ದಾರೆ. ಅವಿಭಜಿತ ಪಾಲು, 1972ರ ಕಾಯ್ದೆ ಎಲ್ಲ ಬರೆದು, ಇದನ್ನು ನಡಾವಳಿಯಲ್ಲಿ ಸೇರಿಸಿ ಎಂದಿದ್ದಾರೆ. ಸಭೆಯಲ್ಲಿ ಅವರು ಬೈಲಾ ಮಾತ್ರ ಹೇಳಿದ್ದರು. ಕಾಯ್ದೆ ಹೇಳಿರಲಿಲ್ಲ.

ಮೂರು, ಅಧ್ಯಕ್ಷರು ಫೋನ್ ಮಾಡಿ "ಆ 40 ಮತದ ವಾಕ್ಯ ತೆಗೀರಿ, ನಾನು ಆವತ್ತೇ ತಳ್ಳಿಹಾಕಿದ್ದೇನಲ್ಲ" ಎಂದರು. ಅವರ ಸಹಿ ಇಲ್ಲದೆ ನಡಾವಳಿ ಮುಗಿಯೋದಿಲ್ಲ.

ಹಳೇ ದಫ್ತರ

ಮೊದಲನೆಯದು ಸರಿಯಾದ ತಿದ್ದುಪಡಿ. ಹೀಗಾಗಿದೆ ಎಂದು ಬರೆದದ್ದು ಹಾಗಾಗಿರಲಿಲ್ಲ, ಅಷ್ಟೇ.

ಎರಡನೆಯದು ತಿದ್ದುಪಡಿ ಅಲ್ಲ, ಮುಂದುವರಿದ ವಾದ. ಪತ್ರವನ್ನು ಒಳಗೆ ತೂರಿಸಬೇಡಿ. "ಸಭೆಯ ನಂತರ ಬಿ-103ರ ಮಾಲೀಕರಿಂದ ಇಂಥ ದಿನಾಂಕದ ಪತ್ರ ಬಂದಿದೆ, ಮುಂದಿನ ಸಭೆಯ ಮುಂದಿಡಲಾಗುವುದು" ಎಂದು ಅವರಿಗೆ ಉತ್ತರ ಕೊಟ್ಟು ಕಡತದಲ್ಲಿಡಿ. ಅವರ ಪತ್ರದ ಒಳಗಿನ ಮಾತು ಗಟ್ಟಿಯಾದದ್ದೇ ಇರಬಹುದು. ನಿಮ್ಮ ಸಂಘ ಯಾವ ಕಾಯ್ದೆಯಡಿ ನೋಂದಣಿಯಾಗಿದೆ? 1972ರದ್ದೋ, 1960ರ ಸಂಘಗಳ ನೋಂದಣಿ ಕಾಯ್ದೆಯೋ?

ಹೊಸ ಕಾರ್ಯದರ್ಶಿ

1960ರದ್ದು ಎಂದು ಸರ್ಟಿಫಿಕೇಟಿನಲ್ಲಿದೆ. ಆದರೆ ಬಿಲ್ಡರ್ ಕೊಟ್ಟ ಕ್ರಯಪತ್ರಗಳಲ್ಲಿ 1972ರ ಕಾಯ್ದೆ ಎಂದು ಬರೆದಿದೆ.

ಹಳೇ ದಫ್ತರ

ಹಾಗಾದರೆ ಆ ಗಂಟು ವಕೀಲರೇ ಬಿಚ್ಚಬೇಕು. ನನ್ನ ಕೈಲಾಗದು, ನಿಮ್ಮ ನಡಾವಳಿಯ ಕೈಲಂತೂ ಆಗದು.

ಮೂರನೆಯದು ಸೂಕ್ಷ್ಮ. ಅಧ್ಯಕ್ಷರಿಗೆ ಎದುರು ಹೇಳಬೇಡಿ, ಅವರದೇ ಮಾತು ತೋರಿಸಿ. "ಸಾರ್, ನೀವು ತಳ್ಳಿಹಾಕಿದ್ದೂ ಆ ಜಾಗದಲ್ಲೇ ಇದೆ. ಆಕ್ಷೇಪಣೆ ತೆಗೆದರೆ ನಿಮ್ಮ ಉತ್ತರವೂ ಹೋಗುತ್ತದೆ. ನಾಳೆ ಯಾರಾದರೂ ಕೇಳಿದರೆ ನೀವು ಯೋಚಿಸಿಯೇ ತೀರ್ಮಾನಿಸಿದಿರಿ ಎನ್ನುವುದಕ್ಕೆ ಅದೊಂದೇ ಸಾಕ್ಷಿ" ಎನ್ನಿ. ನಾನು ಇದನ್ನು ಎರಡು ಸಲ ಮಾಡಿದ್ದೇನೆ. ಒಂದು ಸಲ ಫಲಿಸಿತು.

ಬಾಕಿ ಬಿಲ್ಲು

ಇನ್ನೊಂದು ಸಲ?

ಹಳೇ ದಫ್ತರ

ಅಧ್ಯಕ್ಷರು ಪುಟ ಹರಿದರು. ನಮ್ಮದು ಪುಟಸಂಖ್ಯೆ ಅಚ್ಚಾದ ಪುಸ್ತಕ. 60 ಆದ ಮೇಲೆ 63 ಇತ್ತು. ಆಡಿಟರ್ ಮೊದಲು ಕೇಳಿದ್ದೇ ಅದನ್ನು.

ಹಾಗಾಗಿ ಬಿಡಿ ಹಾಳೆಯಲ್ಲಿ ಇಡಬೇಡಿ. ಸಹಿಯಾದ ಮೇಲೆ ತಪ್ಪು ಕಂಡರೆ ವೈಟ್ನರ್ ಹಚ್ಚಬೇಡಿ. ಮುಂದಿನ ಸಭೆಯಲ್ಲಿ "ಹಿಂದಿನ ನಡಾವಳಿಯಲ್ಲಿ ಎ-301 ಎಂದಿರುವುದನ್ನು ಎ-310 ಎಂದು ಓದಿಕೊಳ್ಳತಕ್ಕದ್ದು" ಎಂದು ಹೊಸದಾಗಿ ಬರೆಯಿರಿ. ಹಳೆಯದು ಹಾಗೇ ಇರಲಿ.

ಮೂರೇ ಸಾಲು

ನನ್ನದೊಂದು ಪ್ರಾಯೋಗಿಕ ಪ್ರಶ್ನೆ. ನಡಾವಳಿ ಏನೇ ಇರಲಿ, 1ನೇ ತಾರೀಖು ಬಿಲ್ ಯಾವ ದರಕ್ಕೆ ಕಳಿಸ್ತೀರಿ?

ಹೊಸ ಕಾರ್ಯದರ್ಶಿ

ಅದೇ ಗೊತ್ತಾಗ್ತಿಲ್ಲ. ಹೊಸ ದರ ಯಾವ ತಿಂಗಳಿನಿಂದ ಎಂದು ಗೊತ್ತುವಳಿಯಲ್ಲಿ ಇರಲೇ ಇಲ್ಲ. ಸಭೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈಗ "ಮುಂದಿನ ತಿಂಗಳಿನಿಂದ" ಎಂದು ಸೇರಿಸಿ ಎಂದು ಖಜಾಂಚಿ ಹೇಳ್ತಿದ್ದಾರೆ.

ಹಳೇ ದಫ್ತರ

ಸಭೆಯಲ್ಲಿ ಹೇಳದ್ದನ್ನು ಸೇರಿಸೋದು ಅಂದ್ರೆ ಮತ್ತೆ ಅದೇ ಕಾಫಿ ಕುಡಿಯುತ್ತಾ ಬರೆದ "ಆದರೆ". ಕಾರ್ಯಕಾರಿ ಸಮಿತಿ ಕೂತು ತೀರ್ಮಾನಿಸಲಿ, ಅದಕ್ಕೆ ಬೇರೆ ನಡಾವಳಿ ಆಗಲಿ.

ಕೆಳಮನೆ ಗೌರಿ

ಅಷ್ಟರವರೆಗೆ ಹಳೇ ದರವೇ ಕಟ್ಟಿಸಿಕೊಳ್ಳಿ, ಜಾಸ್ತಿ ಕಟ್ಟಿದವರಿಗೆ ಆಮೇಲೆ ಜಮೆ ಮಾಡಿ.

ತೂಕದ ಕಲ್ಲು

ಅಂದ್ರೆ ದೊಡ್ಡ ಮನೆಯವರು 4500 ಕಟ್ಟುತ್ತಾ ಇರಬೇಕಾ? ಅಧ್ಯಕ್ಷರು ಪಾಸ್ ಎಂದು ಘೋಷಿಸಿದ ಮೇಲೂ?

ಹೊಸ ಕಾರ್ಯದರ್ಶಿ

ನಾಳೆ ಸಂಜೆ ಸಮಿತಿ ಸಭೆ ಕರೆದಿದ್ದೇನೆ. ಬಿ-207ರವರನ್ನೂ ಆ ಹಾಳೆ ತಗೊಂಡು ಬನ್ನಿ ಎಂದು ಕರೆದಿದ್ದೇನೆ. ಅಧ್ಯಕ್ಷರು ಇನ್ನೂ ಸಹಿ ಹಾಕಿಲ್ಲ. ಈ ಸಲ ಹೊಸ ಪುಸ್ತಕ ತಂದಿದ್ದೀನಿ, ಪುಟಸಂಖ್ಯೆ ಅಚ್ಚಾದದ್ದು.